ಡಾಕ್ಯುಮೆಂಟ್ ಕೇಳುವ ಮೇಲ್‌ನಲ್ಲಿ ‘ಯಾಕೆ’ ಅನ್ನೋ ಕಾಲಂ

ನಾನು ದಾವಣಗೆರೆ ಕಡೆಯವನು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಮೊದಲು ಇಆರ್‌ಪಿ ಸಪೋರ್ಟ್ ಮಾಡ್ತಿದ್ದೆ, ಆಮೇಲೆ ಒಂದು ಕಂಪನಿಯ ವೆಂಡರ್ ಮಾಸ್ಟರ್ ಟೀಮ್‌ಗೆ ಬಂದೆ. ಅಂದ್ರೆ ಕಂಪನಿಗೆ ಯಾರಾದ್ರೂ ಹೊಸಬರು ಸಾಮಾನು ಕೊಟ್ಟರೆ, ಕೆಲಸ ಮಾಡಿಕೊಟ್ಟರೆ, ಅವರಿಗೆ ದುಡ್ಡು ಹೋಗೋದಕ್ಕೆ ಮುಂಚೆ ಅವರ ಕಾಗದಪತ್ರ ತರಿಸಿ, ಚೆಕ್ ಮಾಡಿ, ಸಿಸ್ಟಮ್‌ನಲ್ಲಿ ಒಂದು ವೆಂಡರ್ ಕೋಡ್ ಹುಟ್ಟಿಸೋ ಕೆಲಸ. ಹೊರಗಿಂದ ನೋಡೋರಿಗೆ ಇದು ಗುಮಾಸ್ತನ ಕೆಲಸ. ಇವತ್ತು ಈ ಕೆಲಸದ ಒಂದೇ ಒಂದು ತುಂಡಿನ ಬಗ್ಗೆ ಮಾತಾಡ್ತೀನಿ: ಡಾಕ್ಯುಮೆಂಟ್ ಕಳಿಸಿ ಅಂತ ಬರೆಯೋ ಮೇಲ್.

2024ರ ಏಪ್ರಿಲ್. ಪುಣೆಯ ಬಿಸಿಲು ನಿಮಗೆ ಗೊತ್ತು. ನಮ್ಮ ಸರ್ವರ್ ರೂಮಿನ ಎಸಿ ಕೈಕೊಡ್ತು. ಅಡ್ಮಿನ್‌ನವರು ಗಾಬರಿಯಲ್ಲಿ ಯಾರನ್ನೋ ಕೇಳಿ ಒಬ್ಬ ಎಸಿ ರಿಪೇರಿಯವರನ್ನ ಕರೆಸಿದ್ರು. ಕುಂದಾಪುರ ಕಡೆಯವರು, ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಸ್ವಂತ ಅಂಗಡಿ, ಕೈಕೆಳಗೆ ನಾಲ್ಕು ಹುಡುಗರು. ಎರಡು ರಾತ್ರಿ ಕೂತು ರಿಪೇರಿ ಮಾಡಿ, ಜೊತೆಗೆ ಎರಡು ಫ್ಲೋರಿನ ಎಸಿಗಳನ್ನೂ ಸರ್ವಿಸ್ ಮಾಡಿಕೊಟ್ರು. ಏಪ್ರಿಲ್ 8ಕ್ಕೆ ಅಡ್ಮಿನ್‌ನವರು ಕೆಲಸ ಸರಿ ಆಗಿದೆ ಅಂತ ಸಹಿ ಹಾಕಿದ್ರು. ಬಿಲ್ 90,000, ಅದರ ಮೇಲೆ ಶೇಕಡ 18 ಜಿಎಸ್‌ಟಿ 16,200, ಒಟ್ಟು 1,06,200 ರೂಪಾಯಿ. ಕೆಲಸ ಮುಗಿದಿದೆ, ಆದರೆ ವೆಂಡರ್ ಕೋಡ್ ಇಲ್ಲ. ಕೋಡ್ ಇಲ್ಲ ಅಂದ್ರೆ ದುಡ್ಡು ಇಲ್ಲ.

ಏಪ್ರಿಲ್ 10ಕ್ಕೆ ನಾನು ಎಂದಿನ ಮೇಲ್ ಕಳಿಸಿದೆ. ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು, ಕೆಳಗೆ ಹದಿನಾಲ್ಕು ಡಾಕ್ಯುಮೆಂಟ್‌ಗಳ ಪಟ್ಟಿ, ಕೊನೆಗೆ ‘ಆದಷ್ಟು ಬೇಗ’. ಮೂರು ದಿನ ಬಿಟ್ಟು ರಿಮೈಂಡರ್, ಇನ್ನೂ ಮೂರು ದಿನಕ್ಕೆ ಇನ್ನೊಂದು. ಒಂಬತ್ತು ದಿನದಲ್ಲಿ ಬಂದಿದ್ದು ಒಂದೇ ಫೋಟೋ, ಅದೂ ಟ್ಯೂಬ್‌ಲೈಟ್ ಬೆಳಕು ಹೊಡೆದು ನಂಬರ್ ಕಾಣದ ಪ್ಯಾನ್ ಕಾರ್ಡ್. ಏಪ್ರಿಲ್ 19, ಶುಕ್ರವಾರ, ಫೋನ್ ಮಾಡಿದೆ. ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದೆ. ಅವರು ಕೇಳಿದ ಮೊದಲ ಮಾತು:

‘ಅಲ್ಲ ಮಾರಾಯ್ರೆ, ಪ್ಯಾನು, ಆಧಾರು, ಚೆಕ್ಕು, ಮೂರು ವರ್ಷದ ಐಟಿ ರಿಟರ್ನು... ಇದೆಲ್ಲ ಎಂತಕ್ಕೆ? ಕೆಲಸ ಮಾಡಿದ್ದು ನಾನು, ದುಡ್ಡು ಕೊಡ್ಬೇಕಾದ್ದು ನೀವು. ನಮ್ಮ ಭಾವನಿಗೆ ಹೀಗೇ ಒಂದು ಮೇಲ್ ಬಂದು, ಕೇಳಿದ್ದೆಲ್ಲ ಕಳಿಸಿ, ಎಂಬತ್ತು ಸಾವಿರ ಹೋಗಿದೆ.’

ನನ್ನ ಹತ್ರ ಉತ್ತರ ಇರಲಿಲ್ಲ. ‘ಕಂಪನಿ ಪಾಲಿಸಿ ಸರ್’ ಅಂತ ಹೇಳೋಕೆ ಬಾಯಿ ತೆರೆದೆ, ನನಗೇ ನಾಚಿಕೆ ಆಯ್ತು. ಅವರು ಸೋಮಾರಿ ಅಲ್ಲ, ಹುಷಾರಿ. ನನ್ನ ಮೇಲ್‌ಗೂ ಮೋಸದ ಮೇಲ್‌ಗೂ ನೋಡೋಕೆ ವ್ಯತ್ಯಾಸವೇ ಇರಲಿಲ್ಲ: ಗುರುತಿಲ್ಲದ ಹೆಸರು, ದೊಡ್ಡ ಪಟ್ಟಿ, ಅವಸರ, ಕಾರಣ ಇಲ್ಲ.

ಆ ಸಂಜೆ ಪಟ್ಟಿಯನ್ನ ಎಕ್ಸೆಲ್‌ನಲ್ಲಿ ಹಾಕಿ ಪಕ್ಕದಲ್ಲಿ ಒಂದು ಕಾಲಂ ಸೇರಿಸಿದೆ. ಹೆಡಿಂಗ್: ‘ಯಾಕೆ ಬೇಕು? ಇಲ್ಲದಿದ್ದರೆ ಅವರಿಗೆ ಏನು ನಷ್ಟ?’ ತುಂಬಿಸೋಕೆ ಕೂತಾಗ ಒಂದು ತಮಾಷೆ ನೋಡಿ. ಪಟ್ಟಿಯಲ್ಲಿ ವ್ಯಾಟ್ ಸರ್ಟಿಫಿಕೇಟ್ ಇತ್ತು, ಸರ್ವಿಸ್ ಟ್ಯಾಕ್ಸ್ ನೋಂದಣಿ ಇತ್ತು. ಜಿಎಸ್‌ಟಿ ಬಂದಿದ್ದು 2017ರ ಜುಲೈನಲ್ಲಿ. ಸುಮಾರು ಏಳು ವರ್ಷದಿಂದ ಹಳೆ ಟೆಂಪ್ಲೇಟ್ ಕಾಪಿ ಆಗ್ತಾ ಬಂದಿದೆ, ಯಾರೂ ಕೇಳಿಲ್ಲ. ಆಧಾರ್ ಯಾಕೆ? ಯಾರಿಗೂ ಗೊತ್ತಿಲ್ಲ. ಮೂರು ವರ್ಷದ ರಿಟರ್ನ್ ಕೋಟಿಗಟ್ಟಲೆ ಕಾಂಟ್ರಾಕ್ಟ್‌ಗೆ ಸರಿ, ತೊಂಬತ್ತು ಸಾವಿರದ ಎಸಿ ರಿಪೇರಿಗೆ ಅಲ್ಲ. ಕಾರಣ ಬರೆಯೋಕೆ ಆಗದೇ ಇದ್ದದ್ದನ್ನೆಲ್ಲ ತೆಗೆದೆ. ಹದಿನಾಲ್ಕರಲ್ಲಿ ಉಳಿದಿದ್ದು ನಾಲ್ಕು: ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ಸರ್ಟಿಫಿಕೇಟ್. ಒಂದೊಂದಾಗಿ ಹೇಳ್ತೀನಿ. ಒಂದು ಸಣ್ಣ ಮಾತು: ಇದು 2024ರ ಕಥೆ, ಆಗಿದ್ದದ್ದು 1961ರ ಆದಾಯ ತೆರಿಗೆ ಕಾಯ್ದೆ. ಈಗ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. ಹಾಗಾಗಿ ನಂಬರ್ ಬಿಟ್ಟು ವಿಷಯ ಮಾತ್ರ ಹೇಳ್ತೀನಿ. ವೆಂಡರ್‌ಗೂ ಸೆಕ್ಷನ್ ನಂಬರ್ ಬೇಕಾಗಿಲ್ಲ, ತನ್ನ ಜೇಬಿಗೆ ಏನಾಗುತ್ತೆ ಅನ್ನೋದು ಬೇಕು.

ಮೊದಲು ಪ್ಯಾನ್. ಅವರ ಬಿಲ್‌ನಲ್ಲಿ ನಾವು ಟಿಡಿಎಸ್ ಹಿಡೀಬೇಕು. ರಿಪೇರಿ, ಮೇಂಟೆನೆನ್ಸ್ ಥರದ ಕಾಂಟ್ರಾಕ್ಟ್ ಕೆಲಸಕ್ಕೆ, ಒಂದೇ ಬಿಲ್ 30,000 ದಾಟಿದರೆ, ಒಬ್ಬ ವ್ಯಕ್ತಿಗೆ ಶೇಕಡ 1, ಪಾರ್ಟ್ನರ್‌ಶಿಪ್ ಅಥವಾ ಕಂಪನಿಗೆ ಶೇಕಡ 2. ಜಿಎಸ್‌ಟಿಯನ್ನ ಬಿಲ್‌ನಲ್ಲಿ ಬೇರೆಯಾಗಿ ತೋರಿಸಿದ್ರೆ ಅದರ ಮೇಲೆ ಟಿಡಿಎಸ್ ಇಲ್ಲ, ಲೆಕ್ಕ 90,000ಕ್ಕೆ ಮಾತ್ರ. ಈಗ ನೋಡಿ: ಪ್ಯಾನ್ ಸರಿಯಾಗಿದ್ರೆ ನಾವು ಹಿಡಿಯೋದು 900 ರೂಪಾಯಿ. ಪ್ಯಾನ್ ಇಲ್ಲ ಅಂದ್ರೆ ಕಾನೂನು ಪ್ರಕಾರ ಶೇಕಡ 20, ಅಂದ್ರೆ 18,000. ಆಧಾರ್ ಜೊತೆ ಲಿಂಕ್ ಆಗದೆ ಪ್ಯಾನ್ ನಿಷ್ಕ್ರಿಯ ಆಗಿದ್ರೂ ಅದೇ ಗತಿ. ಒಂದು ರಿಪೇರಿಯ ಲಾಭವೇ ಅಷ್ಟಿರುತ್ತೋ ಇಲ್ವೋ.

ನಂಬರ್ ಹೇಳಿದ್ರೆ ಸಾಲದಾ, ಕಾಪಿ ಯಾಕೆ? ಹತ್ತು ಅಕ್ಷರದಲ್ಲಿ ಒಂದನ್ನ ನಾನು ತಪ್ಪು ಟೈಪ್ ಮಾಡಿದ್ರೆ, ಅವರಿಂದ ಹಿಡಿದ 900 ರೂಪಾಯಿ ಇನ್ಯಾರದೋ ಖಾತೆಯಲ್ಲಿ ಕಾಣಿಸುತ್ತೆ, ಇಲ್ಲಾ ಎಲ್ಲೂ ಕಾಣಿಸಲ್ಲ. ಇವರು ರಿಟರ್ನ್ ಹಾಕುವಾಗ ಕ್ರೆಡಿಟ್ ಸಿಗಲ್ಲ. ಇನ್ನೊಂದು, ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ. `P` ಇದ್ರೆ ವ್ಯಕ್ತಿ, `F` ಇದ್ರೆ ಪಾರ್ಟ್ನರ್‌ಶಿಪ್, `C` ಇದ್ರೆ ಕಂಪನಿ. ಬೋರ್ಡ್ ಮೇಲೆ ‘ಎಂಟರ್‌ಪ್ರೈಸಸ್’ ಅಂತ ನೋಡಿ ನಮ್ಮ ಟೀಮ್‌ನವರು ಶೇಕಡ 2 ಹಾಕಿಬಿಡ್ತಾರೆ. ನಾಲ್ಕನೇ ಅಕ್ಷರ ನೋಡಿದ್ರೆ ಆ ತಪ್ಪು ಆಗಲ್ಲ. ಇವರದು `P`.

ಎರಡನೆಯದು ಜಿಎಸ್‌ಟಿ ಸರ್ಟಿಫಿಕೇಟ್. ಬಿಲ್ ಮೇಲೆ ಜಿಎಸ್‌ಟಿ ನಂಬರ್ ಪ್ರಿಂಟ್ ಆಗಿದೆಯಲ್ಲ, ಸರ್ಟಿಫಿಕೇಟ್ ಯಾಕೆ ಅಂತ ಎಲ್ರೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಹದಿನೈದು ಅಕ್ಷರದ ಆ ನಂಬರ್‌ನಲ್ಲಿ ಮೊದಲ ಎರಡು ಅಂಕಿ ರಾಜ್ಯ, ಮಹಾರಾಷ್ಟ್ರಕ್ಕೆ `27`, ನಮ್ಮ ಕರ್ನಾಟಕಕ್ಕೆ `29`. ಮುಂದಿನ ಹತ್ತು ಅಕ್ಷರ ಅವರ ಪ್ಯಾನೇ. ಹಾಗಾಗಿ ಪ್ಯಾನ್ ಕಾಪಿ ಪಕ್ಕ ಇಟ್ಟು ನೋಡಿದ್ರೆ ನಂಬರ್ ಅವರದ್ದೇನಾ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ. ನೋಂದಣಿ ಚಾಲ್ತಿಯಲ್ಲಿದೆಯಾ, ರದ್ದಾಗಿದೆಯಾ ಅನ್ನೋದನ್ನ ನಾವೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡ್ಕೊಳ್ತೀವಿ, ಅದಕ್ಕೆ ಅವರನ್ನ ಕಾಡಬೇಕಿಲ್ಲ.

ಸರ್ಟಿಫಿಕೇಟ್‌ನಲ್ಲಿ ನಮಗೆ ನಿಜವಾಗಿ ಬೇಕಾದದ್ದು ಎರಡು ಸಾಲು. ಒಂದು ನೋಂದಣಿಯ ಬಗೆ: ರೆಗ್ಯುಲರ್ ಅಂತ ಇರಬೇಕು. ಕಂಪೋಸಿಷನ್ ಅಂತ ಇದ್ರೆ ಅವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡೋ ಹಾಗಿಲ್ಲ, ಆ 16,200ರ ಬಿಲ್ಲೇ ತಪ್ಪು. ಎರಡನೆಯದು ಹೆಸರು. ಇದು ಮುಖ್ಯ, ಇಲ್ಲೇ ಹೆಚ್ಚು ಕೇಸ್ ಸಿಕ್ಕಿಹಾಕ್ಕೊಳ್ಳೋದು. ನಮ್ಮ ಎಸಿ ಅಣ್ಣನದು ಪ್ರೊಪ್ರೈಟರ್‌ಶಿಪ್. ಪ್ಯಾನ್ ಅವರ ಸ್ವಂತ ಹೆಸರಲ್ಲಿ. ಬಿಲ್ ಅಂಗಡಿಯ ಹೆಸರಲ್ಲಿ. ಚೆಕ್‌ನ ಮೇಲೂ ಅಂಗಡಿಯ ಹೆಸರು. ಸಿಸ್ಟಮ್ ಕಣ್ಣಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ‘ಹೆಸರು ತಾಳೆ ಆಗಿಲ್ಲ’ ಅಂತ ರಿಜೆಕ್ಟ್ ಆಗುತ್ತೆ, ಯಾಕೆ ಅಂತ ಯಾರೂ ಹೇಳಲ್ಲ, ವೆಂಡರ್ ಮತ್ತೆ ಅದೇ ಡಾಕ್ಯುಮೆಂಟ್ ಕಳಿಸ್ತಾರೆ, ಮತ್ತೆ ರಿಜೆಕ್ಟ್. ಜಿಎಸ್‌ಟಿ ಸರ್ಟಿಫಿಕೇಟ್‌ನಲ್ಲಿ ಲೀಗಲ್ ನೇಮ್ ಅಂತ ಅವರ ಹೆಸರು, ಟ್ರೇಡ್ ನೇಮ್ ಅಂತ ಅಂಗಡಿಯ ಹೆಸರು, ಎರಡೂ ಒಂದೇ ಹಾಳೆಯಲ್ಲಿ ಇರುತ್ತೆ. ಪ್ಯಾನ್‌ನ ಮನುಷ್ಯ, ಚೆಕ್‌ನ ಅಂಗಡಿ ಎರಡನ್ನೂ ಗಂಟು ಹಾಕೋ ದಾರ ಅದೇ.

ಮೂರನೆಯದು ಚೆಕ್. ಜನ ಹೆಚ್ಚು ಹೆದರೋದು ಇದಕ್ಕೇ. ಯಾಕೆ ಬೇಕು? ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ದುಡ್ಡು ಜಮೆ ಆಗೋದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಕಳಿಸೋ ಮುಂಚೆ ಹೆಸರು ತೋರಿಸೋ ಸೌಲಭ್ಯ ಬ್ಯಾಂಕ್‌ಗಳಲ್ಲಿ ಈಗ ಬಂದಿದೆ, ಆದರೂ ಜಮೆ ಆಗೋದು ನಂಬರ್ ಮೇಲೇ. ಮೇಲ್‌ನಲ್ಲಿ ಕೈಯಾರೆ ಟೈಪ್ ಮಾಡಿದ ನಂಬರ್‌ನಲ್ಲಿ ಒಂದು ಅಂಕಿ ಆಚೀಚೆ ಆಗಿ, ಆ ನಂಬರ್ ಬೇರೆ ಯಾರದ್ದೋ ಆಗಿದ್ರೆ, ದುಡ್ಡು ವಾಪಸ್ ತರಿಸೋದು ದೊಡ್ಡ ಪಾಡು. ಪ್ರಿಂಟ್ ಆದ ಚೆಕ್‌ನಲ್ಲಿ ನಂಬರ್, ಐಎಫ್‌ಎಸ್‌ಸಿ, ಹೆಸರು ಮೂರೂ ಬ್ಯಾಂಕ್‌ನವರೇ ಹಾಕಿರ್ತಾರೆ. ಹೆಸರು ಪ್ರಿಂಟ್ ಆಗದ ಚೆಕ್ ಆಗಿದ್ರೆ ಪಾಸ್‌ಬುಕ್‌ನ ಮೊದಲ ಪುಟ ಅಥವಾ ಸ್ಟೇಟ್‌ಮೆಂಟ್‌ನ ಮೇಲಿನ ಭಾಗ ಸಾಕು, ಕೆಳಗಿನ ವ್ಯವಹಾರದ ಸಾಲುಗಳು ನಮಗೆ ಬೇಡ. ಮೇಲ್‌ನಲ್ಲಿ ಹೇಳಲೇಬೇಕಾದ ಮಾತು ಇನ್ನೊಂದಿದೆ: ಅಡ್ಡ ಗೆರೆ ಎಳೆದು `CANCELLED` ಅಂತ ಬರೀರಿ, ಸಹಿ ಮಾಡಬೇಡಿ. ನಮಗೆ ಸಹಿ ಬೇಕಾಗಿಲ್ಲ. ಸಹಿ ಇರೋ ಚೆಕ್‌ನ ಚಿತ್ರ ಮೇಲ್‌ನಲ್ಲಿ ಓಡಾಡೋದು ಅವರಿಗೆ ಒಳ್ಳೇದಲ್ಲ.

ನಾಲ್ಕನೆಯದು ಉದ್ಯಮ್ ಸರ್ಟಿಫಿಕೇಟ್. ಇಲ್ಲಿ ನನಗೂ ನನ್ನ ಮ್ಯಾನೇಜರ್‌ಗೂ ಸಣ್ಣ ಜಟಾಪಟಿ ಆಯ್ತು. ನಮ್ಮ ಸಿಸ್ಟಮ್‌ನಲ್ಲಿ ಹೊಸ ವೆಂಡರ್‌ಗೆ ತಾನಾಗೇ ಬೀಳೋ ಪೇಮೆಂಟ್ ಟರ್ಮ್ ಅರವತ್ತು ದಿನ. ಆದರೆ ಉದ್ಯಮ್ ನೋಂದಣಿ ಇರೋ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದ ಇದ್ರೆ ಹೆಚ್ಚೆಂದ್ರೆ 45 ದಿನ, ಒಪ್ಪಂದ ಇಲ್ಲ ಅಂದ್ರೆ 15 ದಿನದೊಳಗೆ ಕೊಡಬೇಕು. ಮ್ಯಾನೇಜರ್ ಅಂದ್ರು: ‘ಅದನ್ನ ನಾವಾಗಿ ಕೇಳೋದು ಬೇಡ. ಅವರಾಗಿ ಕೊಟ್ರೆ ನೋಡೋಣ. ಕೇಳಿದ್ರೆ ನಮಗೇ ತಲೆನೋವು.’

ನಾನು ಲೆಕ್ಕ ಹಾಕಿ ತೋರಿಸಿದೆ. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳೂ ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 6.75, ಮೂರು ಪಟ್ಟು ಅಂದ್ರೆ 20.25. ಈ ಒಂದು ಬಿಲ್‌ಗೆ ತಿಂಗಳಿಗೆ ಸುಮಾರು 1,800 ರೂಪಾಯಿ. ಅದಲ್ಲದೆ 2024ರ ಏಪ್ರಿಲ್‌ನಿಂದ ಬಂದ ನಿಯಮ ಏನಂದ್ರೆ, ಇಂಥವರಿಗೆ ಗಡುವಿನೊಳಗೆ ಕೊಡದೆ ಮಾರ್ಚ್ 31 ದಾಟಿಸಿದ್ರೆ ಆ ಖರ್ಚು ಆ ವರ್ಷದ ಲೆಕ್ಕದಲ್ಲಿ ಸಿಗಲ್ಲ, ಕೊಟ್ಟ ವರ್ಷಕ್ಕೆ ಹೋಗುತ್ತೆ. ‘ನಮಗೆ ಗೊತ್ತಿರಲಿಲ್ಲ’ ಅನ್ನೋದು ಆಡಿಟರ್ ಮುಂದೆ ನಡೆಯಲ್ಲ ಸರ್, ಅಂದೆ. ಫೈನಾನ್ಸ್‌ನವರಿಗೆ ಈ ಎರಡನೇ ಮಾತು ತಟ್ಟಿತು, ಒಪ್ಪಿದ್ರು.

ಆದರೆ ನನ್ನ ತಲೆಯಲ್ಲಿ ಕೊರೀತಿದ್ದದ್ದು ಬೇರೆ. ಆ 15 ದಿನದ ಗಡಿಯಾರ ಶುರು ಆಗೋದು ಕೆಲಸ ಒಪ್ಪಿಕೊಂಡ ದಿನದಿಂದ, ಅಂದ್ರೆ ಏಪ್ರಿಲ್ 8. ನಾವು ವೆಂಡರ್ ಕೋಡ್ ಮಾಡಿದ ದಿನದಿಂದ ಅಲ್ಲ. ನನ್ನ ಕೆಟ್ಟ ಮೇಲ್‌ನಿಂದ ಹನ್ನೊಂದು ದಿನ ಆಗಲೇ ಹೋಗಿತ್ತು. ಉಳಿದಿದ್ದು ನಾಲ್ಕು, ಅದರಲ್ಲಿ ಶನಿವಾರ, ಭಾನುವಾರ ಬೇರೆ.

ಅದೇ ಶುಕ್ರವಾರ ರಾತ್ರಿ ಕನ್ನಡದಲ್ಲೇ ಹೊಸ ಮೇಲ್ ಬರೆದೆ. ಅವರಿಗೆ ಗೊತ್ತಿರೋ ಅಡ್ಮಿನ್‌ನವರನ್ನ ಸಿಸಿಯಲ್ಲಿ ಹಾಕಿದೆ. ಹೆಚ್ಚುಕಡಿಮೆ ಹೀಗಿತ್ತು:

> ನಮಸ್ಕಾರ ಸರ್. ಏಪ್ರಿಲ್ 8ಕ್ಕೆ ನೀವು ಮುಗಿಸಿಕೊಟ್ಟ ಎಸಿ ಕೆಲಸದ 1,06,200 ರೂಪಾಯಿ ಬಿಲ್ ಬಗ್ಗೆ ಈ ಮೇಲ್. ಮೊದಲು ಕಳಿಸಿದ ಹದಿನಾಲ್ಕರ ಪಟ್ಟಿ ಬಿಟ್ಟುಬಿಡಿ. ನಾಲ್ಕೇ ಸಾಕು.
>
> 1. ಪ್ಯಾನ್ ಕಾಪಿ: ಇದು ಇದ್ರೆ ಟಿಡಿಎಸ್ 900 ರೂಪಾಯಿ, ಇಲ್ಲದಿದ್ರೆ 18,000 ಹಿಡಿಯಬೇಕಾಗುತ್ತೆ. ಹಿಡಿದದ್ದು ನಿಮ್ಮ ಹೆಸರಿಗೇ ಜಮೆ ಆಗೋಕೆ ನಂಬರ್ ಸ್ಪಷ್ಟ ಕಾಣಬೇಕು.
>
> 2. ಜಿಎಸ್‌ಟಿ ಸರ್ಟಿಫಿಕೇಟ್: ಪ್ಯಾನ್‌ನಲ್ಲಿ ನಿಮ್ಮ ಹೆಸರು, ಬಿಲ್‌ನಲ್ಲಿ ಅಂಗಡಿ ಹೆಸರು ಇದೆ. ಎರಡೂ ಒಬ್ಬರದೇ ಅಂತ ತೋರಿಸೋ ಕಾಗದ ಇದು.
>
> 3. ಕ್ಯಾನ್ಸಲ್ ಮಾಡಿದ ಚೆಕ್, ಸಹಿ ಬೇಡ: ಅಕೌಂಟ್ ನಂಬರ್ ನಾವು ತಪ್ಪಾಗಿ ಟೈಪ್ ಮಾಡಬಾರದು ಅಂತ.
>
> 4. ಉದ್ಯಮ್ ಸರ್ಟಿಫಿಕೇಟ್, ಇದ್ದರೆ ಮಾತ್ರ: ಇದ್ದರೆ ನಿಮಗೆ ಬೇಗ ದುಡ್ಡು ಕೊಡೋದು ನಮ್ಮ ಕಾನೂನುಬದ್ಧ ಹೊಣೆ. ಇಲ್ಲದಿದ್ದರೆ ಈ ಬಿಲ್ ನಿಲ್ಲಲ್ಲ.
>
> ಆಧಾರ್, ಓಟಿಪಿ, ಪಾಸ್‌ವರ್ಡ್ ನಾವು ಯಾವತ್ತೂ ಕೇಳಲ್ಲ. ಈ ಮೇಲ್ ಬಗ್ಗೆ ಅನುಮಾನ ಇದ್ರೆ, ಇದರಲ್ಲಿರೋ ನಂಬರ್‌ಗೆ ಬೇಡ, ನಿಮ್ಮನ್ನ ಕೆಲಸಕ್ಕೆ ಕರೆದ ಅಡ್ಮಿನ್‌ನವರ ನಂಬರ್‌ಗೆ ಫೋನ್ ಮಾಡಿ ಕೇಳಿ. ಮುಂದೆ ನಿಮ್ಮ ಬ್ಯಾಂಕ್ ಅಕೌಂಟ್ ಬದಲಾಯಿಸೋ ಮೇಲ್ ಬಂದ್ರೆ ನಾವು ಈಗ ಇರೋ ನಿಮ್ಮ ಮೊಬೈಲ್‌ಗೆ ಫೋನ್ ಮಾಡಿ ಕೇಳಿದ ಮೇಲೇ ಬದಲಾಯಿಸ್ತೀವಿ.

ಶನಿವಾರ ಬೆಳಿಗ್ಗೆ ಅವರು ಅಡ್ಮಿನ್‌ನವರಿಗೆ ಫೋನ್ ಮಾಡಿ ವಿಚಾರಿಸಿದ್ರು. ಒಳ್ಳೇದೇ ಆಯ್ತು. ಮಧ್ಯಾಹ್ನಕ್ಕೆ ನಾಲ್ಕೂ ಬಂತು. ಪ್ಯಾನ್ ಸ್ಪಷ್ಟ. ಜಿಎಸ್‌ಟಿ ರೆಗ್ಯುಲರ್, ಎರಡೂ ಹೆಸರು ಇದೆ. ಉದ್ಯಮ್‌ನಲ್ಲಿ ‘ಸೂಕ್ಷ್ಮ’. ನೋಂದಣಿ ಮಾಡಿಸಿ ಮೂರು ವರ್ಷ ಆಗಿತ್ತಂತೆ, ಇಲ್ಲಿವರೆಗೆ ಒಬ್ಬ ಗಿರಾಕಿಯೂ ಅದನ್ನ ಕೇಳಿರಲಿಲ್ಲ.

ಎಡವಿದ್ದು ಚೆಕ್‌ನಲ್ಲಿ. ಹಳೇ ಚೆಕ್‌ಬುಕ್‌ನ ಹಾಳೆ, ಐಎಫ್‌ಎಸ್‌ಸಿ `SYNB` ಅಂತ ಶುರು ಆಗುತ್ತೆ. ಕರಾವಳಿಯವರಿಗೆ ಹೇಳಬೇಕಿಲ್ಲ, ಸಿಂಡಿಕೇಟ್ ಬ್ಯಾಂಕ್. ಅದು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯ್ತು, ಹಳೆಯ ಕೋಡ್‌ಗಳು 2021ರ ಜುಲೈನಿಂದ ನಿಂತುಹೋದವು. ಆ ಕೋಡ್ ಹಾಕಿದ್ರೆ ಪೇಮೆಂಟ್ ಹೋಗಲ್ಲ. ಹಳೇ ನಾನಾಗಿದ್ರೆ ‘ಇನ್ವ್ಯಾಲಿಡ್ ಚೆಕ್, ದಯವಿಟ್ಟು ಮತ್ತೆ ಕಳಿಸಿ’ ಅಂತ ಬರೀತಿದ್ದೆ, ಅವರು ಅದೇ ಚೆಕ್‌ಬುಕ್‌ನ ಇನ್ನೊಂದು ಹಾಳೆ ಕಳಿಸ್ತಿದ್ರು. ಈ ಸಲ ಬರೆದೆ: ‘ಪ್ಯಾನ್, ಜಿಎಸ್‌ಟಿ, ಉದ್ಯಮ್ ಮೂರೂ ಸರಿ ಇವೆ, ಮತ್ತೆ ಕಳಿಸಬೇಡಿ. ಚೆಕ್‌ನಲ್ಲಿ ಮಾತ್ರ ಸಿಂಡಿಕೇಟ್ ಕಾಲದ ಕೋಡ್ ಇದೆ, ಈಗ ನಡೆಯಲ್ಲ. `CNRB` ಅಂತ ಶುರು ಆಗೋ ಕೋಡ್ ಇರೋ ಹೊಸ ಚೆಕ್, ಇಲ್ಲಾ ಸ್ಟೇಟ್‌ಮೆಂಟ್‌ನ ಮೇಲಿನ ಭಾಗ ಕಳಿಸಿ.’ ಅರ್ಧ ಗಂಟೆಯಲ್ಲಿ ಸ್ಟೇಟ್‌ಮೆಂಟ್ ಬಂತು.

ಸೋಮವಾರ ಕೋಡ್ ಆಯ್ತು. ಖಾತ್ರಿಗೆ ಒಂದು ರೂಪಾಯಿ ಕಳಿಸಿ, ಅಂಗಡಿಯ ಹೆಸರೇ ವಾಪಸ್ ಬಂತು ಅಂತ ನೋಡಿದ್ವಿ. ಏಪ್ರಿಲ್ 23, ಮಂಗಳವಾರ, ಹದಿನೈದನೇ ದಿನ, 1,05,300 ರೂಪಾಯಿ ಅವರ ಖಾತೆಗೆ ಹೋಯ್ತು. ಸಂಜೆ ಫೋನ್ ಬಂತು: ‘ಹುಡುಗರ ಸಂಬಳ ಈ ಸಲ ಸಾಲ ಮಾಡಿ ಕೊಡ್ಬೇಕು ಅಂತ ಮಾಡಿದ್ದೆ ಮಾರಾಯ್ರೆ.’ ಆಮೇಲೆ ವಾರ್ಷಿಕ ಮೇಂಟೆನೆನ್ಸ್‌ಗೆ ಲಿಖಿತ ಒಪ್ಪಂದ ಆಯ್ತು, ಟರ್ಮ್ 45 ದಿನ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು, ಮುಗೀಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರ ಮೇಲ್ ಐಡಿಯಿಂದಲೇ ಒಂದು ಮೇಲ್ ಬಂತು. ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ’, ಜೊತೆಗೆ ಅದೇ ಅಂಗಡಿ ಹೆಸರಿನ ಚೆಕ್‌ನ ಚಿತ್ರ, ಕೆಳಗೆ ಹೊಸದೊಂದು ಮೊಬೈಲ್ ನಂಬರ್. ಮೇಲ್ ಇಂಗ್ಲಿಷ್‌ನಲ್ಲಿತ್ತು. ಅವರು ನನಗೆ ಯಾವತ್ತೂ ಇಂಗ್ಲಿಷ್‌ನಲ್ಲಿ ಬರೆದವರಲ್ಲ. ಆ ಹೊಸ ನಂಬರ್ ಮುಟ್ಟದೆ ಫೈಲ್‌ನಲ್ಲಿದ್ದ ಹಳೇ ನಂಬರ್‌ಗೆ ಫೋನ್ ಮಾಡಿದೆ. ನಾನು ಬಾಯಿ ಬಿಡೋ ಮುಂಚೆ ಅವರೇ ಅಂದ್ರು: ‘ಎಂತ, ಅಕೌಂಟ್ ಬದಲಾಯ್ಸೋ ಮೇಲ್ ಬಂತಾ? ನೀವು ಆವತ್ತೇ ಹೇಳಿದ್ರಲ್ಲ. ನಾನು ಕಳಿಸಿದ್ದಲ್ಲ.’ ಯಾರೋ ಅವರ ಮೇಲ್‌ನ ಪಾಸ್‌ವರ್ಡ್ ಕದ್ದಿದ್ರು. ಆ ವಾರ ಅವರಿಗೆ ಹೋಗಬೇಕಿದ್ದ ಪೇಮೆಂಟ್ ಹಳೇ ಅಕೌಂಟ್‌ಗೇ ಹೋಯ್ತು.

ಒಂದು ಮಿತಿಯನ್ನೂ ಹೇಳಬೇಕು. ಕಾರಣ ಬರೆದ ಮಾತ್ರಕ್ಕೆ ಎಲ್ಲರೂ ಕಳಿಸಲ್ಲ. ಜಿಎಸ್‌ಟಿ ರದ್ದಾಗಿದ್ದೂ ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದವರು, ಪ್ಯಾನ್ ಒಬ್ಬರದು ಅಕೌಂಟ್ ಇನ್ನೊಬ್ಬರದು ಕೊಡೋರು ಇದ್ದೇ ಇರ್ತಾರೆ. ಆದರೆ ಕಾರಣ ಕೇಳಿದ ಮೇಲೂ ಅವರು ಸುಮ್ಮನಾದ್ರೆ, ಆ ಮೌನಕ್ಕೆ ಒಂದು ಅರ್ಥ ಇರುತ್ತೆ. ಕಾರಣ ಹೇಳದೆ ಕೇಳಿದಾಗ ಹೆದರಿ ಸುಮ್ಮನಿರೋರು ಯಾರು, ಮುಚ್ಚಿಡೋಕೆ ಸುಮ್ಮನಿರೋರು ಯಾರು ಅಂತ ಗೊತ್ತೇ ಆಗಲ್ಲ.

ನಿಮ್ಮ ಟೀಮ್‌ನ ಟೆಂಪ್ಲೇಟ್ ನಾಳೆ ಒಂದ್ಸಲ ತೆಗೆದು ನೋಡಿ. ಅದರಲ್ಲಿ ಇನ್ನೂ ವ್ಯಾಟ್ ಸರ್ಟಿಫಿಕೇಟ್ ಇದ್ರೆ ನನಗೆ ಆಶ್ಚರ್ಯ ಇಲ್ಲ.